ಸಹಾಯ ಬೇಕು: ಬದಿಯಡ್ಕದಿಂದ ಮಂಗಳೂರಿಗೆ, 8 ತಿಂಗಳ ಮಗು

ತಂಗಿಯ ಮಗು ಸಂಜೆಯಿಂದ 15-20 ನಿಮಿಷಕ್ಕೊಮ್ಮೆ ಕಿರುಚುತ್ತಿದೆ. ಕಾಲು ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಮುಖ ಬಿಳಿಚುತ್ತದೆ. ಆಮೇಲೆ ಸುಮ್ನೆ ಸೋತು ಮಲಗುತ್ತದೆ. ಮೊದಲು ಹಾಲು ವಾಂತಿಯಾಯಿತು, ಈಗ ಹಸಿರು. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ ಎಂದರು. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ನನಗೆ ಹಾಗನ್ನಿಸುತ್ತಿಲ್ಲ. ಕರುಳೊಳಗೆ ಕರುಳು ತೂರಿಕೊಳ್ಳುವ ಇಂಟಸಸೆಪ್ಷನ್ ಇರಬಹುದು. ಮಲದಲ್ಲಿ ರಕ್ತ ಇನ್ನೂ ಕಂಡಿಲ್ಲ. ಆದರೆ ಅದು ಎಷ್ಟೋ ಸಲ ತಡವಾಗಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಅದಕ್ಕೆ ಕಾಯುವುದಿಲ್ಲ, ಹೊರಟಿದ್ದೇವೆ. ಬಾಯಿಗೆ ಏನೂ ಕೊಡುತ್ತಿಲ್ಲ.

ಮಂಗಳೂರಿನಲ್ಲಿ ರಾತ್ರಿಯೂ ಮಕ್ಕಳ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡುವ ಆಸ್ಪತ್ರೆ ಯಾವುದು? ಗುದದ ಮೂಲಕ ಗಾಳಿ ಅಥವಾ ಸಲೈನ್ ಒತ್ತಿ ಕರುಳು ಬಿಡಿಸುವವರು ಬೇಕು. ಬಿಡದಿದ್ದರೆ ಆಪರೇಷನ್‌ಗೆ ಮಕ್ಕಳ ಸರ್ಜನ್ ಅಲ್ಲೇ ಇರಬೇಕು. ಗೊತ್ತಿದ್ದವರು ದಯವಿಟ್ಟು ಈಗಲೇ ತಿಳಿಸಿ.