ಪದಚರ್ಚೆ: ‘ಫೇರ್ ವೆದರ್’ ವಿದ್ಯುತ್ ಕ್ಷೇತ್ರಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಚಿತ್ರದುರ್ಗದ ಶಿಕ್ಷಕಿ:
ಮಾನ್ಯರೇ, ನಮ್ಮ ಪ್ರೌಢಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕ ಸಿದ್ಧವಾಗಬೇಕಿದ್ದು, ಅದರ ಬರಹವನ್ನು ನಾಳೆ ಬೆಳಿಗ್ಗೆಯೇ ಫ್ಲೆಕ್ಸ್ ಅಂಗಡಿಗೆ ಕೊಡಬೇಕಾಗಿದೆ. ಗುಡುಗು ಮಳೆಯಿಲ್ಲದ ದಿನವೂ ನೆಲದ ಹತ್ತಿರ ಮೀಟರಿಗೆ ಸುಮಾರು 100 ವೋಲ್ಟ್‌ನ ವಿದ್ಯುತ್ ಕ್ಷೇತ್ರವಿರುತ್ತದೆ ಮತ್ತು ಅದರಿಂದ ಭೂಮಿಯ ಆವೇಶವನ್ನು ಅಂದಾಜು ಮಾಡಬಹುದು ಎಂಬುದು ವಿಷಯ. ‘ಫೇರ್ ವೆದರ್ ಫೀಲ್ಡ್’ಗೆ ‘ಶುಭ್ರಾಕಾಶದ ವಿದ್ಯುತ್ ಕ್ಷೇತ್ರ’ ಎಂದೂ, ಶೀರ್ಷಿಕೆಗೆ ‘ಭೂಮಿಯ ಒಟ್ಟು ವಿದ್ಯುದಾವೇಶ’ ಎಂದೂ ಬರೆದಿದ್ದೇನೆ. ಸರಿಯಾಗಿವೆಯೇ?

ಹರಿಹರದ ಓದುಗರು:
ಸರಿಯಿಲ್ಲ. ಶುಭ್ರ, ಆಕಾಶ, ವಿದ್ಯುತ್, ಕ್ಷೇತ್ರ, ನಾಲ್ಕೂ ಸಂಸ್ಕೃತದವು. ‘ತಿಳಿ’ ಎಂಬ ಅಚ್ಚ ಕನ್ನಡದ ಪದವಿರುವಾಗ ಸಾಲ ಏಕೆ? ಕದಡಿದ ನೀರಿನ ಕೆಸರು ತಳಕ್ಕಿಳಿದಾಗ ಅದು ತಿಳಿಯಾಗುತ್ತದೆ. ತಿಳಿನೀರು, ತಿಳಿಸಾರು, ತಿಳಿವಳಿಕೆ ಎಲ್ಲವೂ ಅದೇ ಬೇರಿನವು. ‘ತಿಳಿಗಾಳಿಯ ಮಿಂಚುಬಯಲು’ ಎಂದು ಬರೆಯಿರಿ.

ಚಳ್ಳಕೆರೆಯ ಓದುಗರು:
ಮೀಟರಿಗೆ 100 ವೋಲ್ಟ್ ಎಂದರೆ ನಿಂತವನ ತಲೆಗೂ ಕಾಲಿಗೂ ನಡುವೆ 150 ವೋಲ್ಟ್‌ಗಿಂತ ಹೆಚ್ಚಾಯಿತಲ್ಲವೇ? ಬೇಸಿಗೆಯಲ್ಲಿ ಕಾರಿನಿಂದ ಇಳಿದು ಬಾಗಿಲು ಮುಟ್ಟಿದಾಗಲೆಲ್ಲ ನನಗೆ ಚುರುಕ್ ಎನ್ನುತ್ತದೆ. ಅದು ಇದೇ ಇರಬೇಕು. ಫಲಕದಲ್ಲಿ ಎಚ್ಚರಿಕೆಯ ಮಾತೊಂದನ್ನು ಸೇರಿಸುವುದು ಒಳ್ಳೆಯದು.

ದಾವಣಗೆರೆಯ ನಿವೃತ್ತ ಉಪನ್ಯಾಸಕರು:
ಅದು ಇದಲ್ಲ. ಕಾರಿನ ಸೀಟಿಗೆ ಬಟ್ಟೆ ಉಜ್ಜಿ ಮೈಮೇಲೆ ಕೂಡುವ ಆವೇಶ ಬೇರೆ. ನೆಲದ ಮೇಲೆ ನಿಂತ ಮನುಷ್ಯನ ದೇಹ ವಾಹಕವಾದ್ದರಿಂದ ತಲೆಯಿಂದ ಕಾಲಿನವರೆಗೂ ನೆಲದ ವಿಭವವೇ ಇರುತ್ತದೆ. ಕ್ಷೇತ್ರವು ಅವನ ಸುತ್ತ ಬಾಗಿ ಸಾಗುತ್ತದೆ. ಎಚ್ಚರಿಕೆ ಬೇಡ.

ಪದದ ವಿಷಯಕ್ಕೆ ಬರುತ್ತೇನೆ. ‘ಶುಭ್ರಾಕಾಶ’ ತಪ್ಪು ದಾರಿಗೆ ಎಳೆಯುತ್ತದೆ, ಏಕೆಂದರೆ ಇಲ್ಲಿ ಕೇಳುತ್ತಿರುವುದು ಬಾನು ನೀಲಿಯಾಗಿದೆಯೇ ಎಂದಲ್ಲ, ಗಾಳಿಯಲ್ಲಿ ಬೇರೆ ಆವೇಶಗಳ ಗೊಂದಲವಿಲ್ಲವೇ ಎಂದು. ಚಿತ್ರದುರ್ಗದ ಕಡೆ ಮೋಡವೇ ಇಲ್ಲದೆ ಗಾಳಿ ಬೀಸಿ ಕೆಮ್ಮಣ್ಣು ಏಳುವ ದಿನವನ್ನು ನೆನೆಯಿರಿ: ದೂಳಿನ ಕಣಗಳು ಒಂದಕ್ಕೊಂದು ತಾಗಿ ಆವೇಶ ಪಡೆಯುತ್ತವೆ, ಕ್ಷೇತ್ರದ ದಿಕ್ಕೇ ತಿರುಗಿಬಿಡಬಹುದು. ಕೆಳಮುಖವಾಗಿರಬೇಕಾದ ಕ್ಷೇತ್ರ ಮೇಲ್ಮುಖವಾಗಿ ಕಂಡರೆ ಆ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಆದ್ದರಿಂದ ಹರಿಹರದವರ ‘ತಿಳಿ’ ನನಗೆ ಮನಸ್ಸಾರೆ ಒಪ್ಪಿಗೆ. ಕದಡಿದ್ದು ನಿಂತ ಸ್ಥಿತಿ ಎಂಬ ಅರ್ಥ ಅದರೊಳಗೇ ಇದೆ. ‘ಮಿಂಚುಬಯಲು’ ಮಾತ್ರ ಬೇಡ. ನಮ್ಮ ಸೀಮೆಯ ಓದುಗ ಅದನ್ನು ಸಿಡಿಲು ಬಡಿಯುವ ಹೊಲ ಎಂದೇ ಓದುತ್ತಾನೆ.

ನನಗೆ ಹೆಚ್ಚು ಚಿಂತೆಯಾಗಿರುವುದು ಶೀರ್ಷಿಕೆಯ ‘ಒಟ್ಟು’ ಎಂಬ ಪದ. ನಿಮ್ಮ ಲೆಕ್ಕ ಹೀಗಿರಬೇಕು: ನೆಲ ವಾಹಕವಾದ್ದರಿಂದ σ = ε₀E; E ಮೀಟರಿಗೆ 100 ವೋಲ್ಟ್ ಆದರೆ ಒಂದು ಚದರ ಮೀಟರ್ ನೆಲದ ಮೇಲೆ 8.85 × 10⁻¹⁰ ಕೂಲಂ, ಅಂದರೆ ಒಂದು ನ್ಯಾನೊಕೂಲಂಗಿಂತ ಕಡಿಮೆ. ಅದನ್ನು ಭೂಮಿಯ ಮೇಲ್ಮೈಯ 5.1 × 10¹⁴ ಚದರ ಮೀಟರಿನಿಂದ ಗುಣಿಸಿದರೆ ಸುಮಾರು 4,50,000 ಕೂಲಂ, ಮತ್ತು ಕ್ಷೇತ್ರ ಕೆಳಮುಖವಾದ್ದರಿಂದ ಅದು ಋಣ. ಇಷ್ಟೂ ಸರಿ. ಆದರೆ ಇದು ನೆಲದ ಮತ್ತು ಕಡಲಿನ ಮೇಲ್ಮೈಯ ಆವೇಶ ಮಾತ್ರ. ಮೇಲೇರಿದಂತೆ ಕ್ಷೇತ್ರ ಬೇಗ ಕುಗ್ಗುತ್ತದೆ, ಹತ್ತು ಕಿಲೋಮೀಟರ್ ಎತ್ತರದಲ್ಲಿ ಮೀಟರಿಗೆ ಕೆಲವೇ ವೋಲ್ಟ್ ಉಳಿದಿರುತ್ತದೆ. ಹಾಗೆ ಕುಗ್ಗಬೇಕಾದರೆ ನಡುವಿನ ಗಾಳಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಧನಾವೇಶ ಇರಲೇಬೇಕು. ವಾತಾವರಣವೂ ಸೇರಿ ‘ಭೂಮಿ’ ಎಂದರೆ ಒಟ್ಟು ಸೊನ್ನೆಗೆ ಹತ್ತಿರ. ‘ಒಟ್ಟು’ ಎಂಬುದನ್ನು ನಂಬಿ ಮಕ್ಕಳು 100 ವೋಲ್ಟನ್ನು ಭೂಮಿಯ ತ್ರಿಜ್ಯದಿಂದ ಗುಣಿಸಿದರೆ ನೆಲಕ್ಕೆ 60 ಕೋಟಿ ವೋಲ್ಟ್ ಮೀರಿದ ವಿಭವ ಬರುತ್ತದೆ. ಆದರೆ ನೆಲಕ್ಕೂ ಅಯಾನುಗೋಳಕ್ಕೂ ಇರುವ ವ್ಯತ್ಯಾಸ ಸುಮಾರು ಎರಡೂವರೆ ಲಕ್ಷ ವೋಲ್ಟ್ ಅಷ್ಟೇ.

ಅಂದಹಾಗೆ, ಅಳೆಯುವುದಾದರೆ ತಾರಸಿಯ ಮೇಲೆ ಅಳೆಯಬೇಡಿ. ಕಟ್ಟಡದ ಅಂಚು ಕ್ಷೇತ್ರವನ್ನು ಒತ್ತಾಗಿಸುತ್ತದೆ. ನಾನು ಹಿಂದೆ ತಾರಸಿಯಲ್ಲಿ 300ರಷ್ಟು ಕಂಡು ಬೆರಗಾಗಿ, ಉಪಕರಣವನ್ನು ಆಟದ ಬಯಲಿನ ನಡುವೆ ನೆಲಮಟ್ಟಕ್ಕೆ ಇಳಿಸಿದಾಗ 120ರ ಆಸುಪಾಸಿಗೆ ಬಂತು.

ಚಿತ್ರದುರ್ಗದ ಶಿಕ್ಷಕಿ:
ತುಂಬ ಉಪಕಾರವಾಯಿತು, ಸರ್. ನಮ್ಮದು ಶಾಲೆಯ ತಾರಸಿಯ ಅಳತೆಯೇ ಆಗಿತ್ತು. ಅದನ್ನು ಫಲಕದಿಂದ ತೆಗೆದಿದ್ದೇನೆ. ‘ತಿಳಿಹವೆಯ ವಿದ್ಯುತ್ ಕ್ಷೇತ್ರ’ ಮತ್ತು ‘ಭೂಮಿಯ ಮೇಲ್ಮೈಯ ಋಣಾವೇಶ’ ಎಂದು ಬರೆಯಲೇ?

ಹರಿಹರದ ಓದುಗರು:
‘ಹವೆ’ ಅರಬ್ಬಿಯಿಂದ ಬಂದದ್ದು. ಸಂಸ್ಕೃತವನ್ನು ಬಿಟ್ಟು ಅರಬ್ಬಿಯನ್ನು ಹಿಡಿದಂತಾಯಿತು. ‘ತಿಳಿ’ಯ ಪಕ್ಕದಲ್ಲಿ ಅದು ನಿಲ್ಲದು.

ದಾವಣಗೆರೆಯ ನಿವೃತ್ತ ಉಪನ್ಯಾಸಕರು:
ನಿಲ್ಲುತ್ತದೆ. ‘ಹವೆ ಚೆನ್ನಾಗಿದೆ’ ಎನ್ನುವ ರೈತನಿಗೆ ಅದು ಕನ್ನಡವೇ. ‘ಗಾಳಿ’ ಎಂದರೆ ಅವನಿಗೆ ಬೀಸುವುದು ನೆನಪಾಗುತ್ತದೆ, ಮೋಡ ಮಂಜುಗಳು ಹೊರಗುಳಿಯುತ್ತವೆ. ನನ್ನದೊಂದು ಸಂದೇಹವನ್ನೂ ಹೇಳಿಬಿಡುತ್ತೇನೆ: ಎಲೆಯೂ ಅಲುಗದ ರಾತ್ರಿ ನೆಲದಿಂದ ಒಸರುವ ರೇಡಾನ್ ಅಲ್ಲೇ ಮಡುಗಟ್ಟಿ, ಅದರಿಂದ ಹುಟ್ಟಿದ ಅಯಾನುಗಳು ಅಳತೆಯನ್ನು ಕೆಡಿಸುತ್ತವೆ. ಆ ರಾತ್ರಿಯನ್ನು ಯಾರಾದರೂ ‘ತಿಳಿ’ ಎಂದೇ ಕರೆದಾರು. ಅದನ್ನು ಹೊರಗಿಡುವ ಪದ ನನಗಿನ್ನೂ ಹೊಳೆದಿಲ್ಲ.

ಚಿತ್ರದುರ್ಗದ ಶಿಕ್ಷಕಿ:
‘ತಿಳಿಹವೆ’ ಎಂದೇ ಕಳುಹಿಸುತ್ತಿದ್ದೇನೆ. ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ‘ಮಳೆ, ಮಂಜು, ದೂಳು, ಬಿರುಗಾಳಿ ಇಲ್ಲದ, ತುಸು ಗಾಳಿಯಾಡುವ ಹೊತ್ತಿನ ಅಳತೆ.’