ಮಾರುವವರೇ ಹಿಂದೆ ಸರಿದರು, ಮುಂಗಡ ಮಾತ್ರ ಹಿಂದಿರುಗಿಲ್ಲ

ಕ್ಯಾತ್ಸಂದ್ರದ ಬಾಡಿಗೆದಾರ
ತುಮಕೂರಿನಲ್ಲಿ 30x40 ನಿವೇಶನ, 24 ಲಕ್ಷಕ್ಕೆ ಮಾತಾಗಿತ್ತು. ಜನವರಿಯಲ್ಲಿ ಕ್ರಯದ ಕರಾರು, ನಾಲ್ಕು ತಿಂಗಳ ಅವಧಿ, ನೋಂದಣಿ ಮಾಡಿಸಿಲ್ಲ. ಮುಂಗಡ 3 ಲಕ್ಷ: ಎರಡು ಲಕ್ಷ ಬ್ಯಾಂಕಿನ ಮೂಲಕ, ಒಂದು ಲಕ್ಷ ನಗದು. ನನ್ನ ಸಾಲ ಮಂಜೂರಾದ ಮೇಲೆ ‘ಅಕ್ಕತಂಗಿಯರು ಒಪ್ಪುತ್ತಿಲ್ಲ’ ಎಂದು ಮಾಲೀಕರು ಹಿಂದೆ ಸರಿದರು. ಬೇರೆಯವರು ಹೆಚ್ಚಿಗೆ ಹೇಳಿದ್ದಾರೆ ಎಂದು ಪಕ್ಕದ ಮನೆಯವರಿಂದ ತಿಳಿಯಿತು. ಹಣ ಕೇಳಿದರೆ ‘ಮಾರಿದ ಮೇಲೆ ಕೊಡುತ್ತೇನೆ’ ಎನ್ನುತ್ತಾರೆ. ಈಗ ಜುಲೈ. ಏನು ಮಾಡಲಿ?

ಶಿರಾಗೇಟ್
ಇದರಲ್ಲಿ ಯೋಚಿಸುವುದೇನಿದೆ? ಠಾಣೆಗೆ ಹೋಗಿ ವಂಚನೆಯ ದೂರು ಕೊಡಿ. ಕರಾರಿನಲ್ಲಿ ‘ಮಾರುವವರು ತಪ್ಪಿದರೆ ಎರಡರಷ್ಟು ವಾಪಸ್’ ಎಂಬ ಸಾಲು ಇದ್ದೇ ಇರುತ್ತದೆ. 6 ಲಕ್ಷ ನಿಮ್ಮ ಹಕ್ಕು, ಒಂದು ರೂಪಾಯಿಯೂ ಬಿಡಬೇಡಿ.

ಕ್ಯಾತ್ಸಂದ್ರದ ಬಾಡಿಗೆದಾರ
ಹೌದು ಸರ್, ಆ ಸಾಲು ಇದೆ.

ಹಳೇ ದಸ್ತಾವೇಜು
ಮೂವತ್ತು ವರ್ಷ ಪತ್ರ ಬರೆದವನು ನಾನು. ಆ ಸಾಲನ್ನು ನಾನೇ ನೂರಾರು ಸಲ ಬರೆದಿದ್ದೇನೆ, ಎರಡರಷ್ಟು ಎಣಿಸಿ ಕೊಟ್ಟವರನ್ನು ಮಾತ್ರ ನೋಡಿದ ನೆನಪಿಲ್ಲ. ನಮ್ಮ ಗುರುಗಳು ಮುಂಗಡಕ್ಕೆ ‘ಸಂಚಕಾರ’ ಎಂದೇ ಬರೆಸುತ್ತಿದ್ದರು. ಆ ಮಾತಿಗೆ ಕುತ್ತು ಎಂಬ ಅರ್ಥ ಹೇಗೆ ಬಂತೆಂದು ಆಗ ತಿಳಿಯಲಿಲ್ಲ, ಆಮೇಲೆ ತಿಳಿಯಿತು.

ಬಾರ್ ರೂಮಿನಿಂದ
ಶಿರಾಗೇಟ್ ಅವರು ಹೇಳಿದ್ದು ಅರ್ಧ ಸರಿ. ಕರಾರಿನಲ್ಲಿ ಬರೆದ ದಂಡದ ಮೊತ್ತ ಎಂದರೆ ಮೇಲಿನ ಮಿತಿ ಅಷ್ಟೆ. ಅದರೊಳಗೆ ನ್ಯಾಯವೆನಿಸಿದಷ್ಟನ್ನು ನ್ಯಾಯಾಲಯ ಕೊಡುತ್ತದೆ. ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ಅದನ್ನೇ. ಪೊಲೀಸ್ ದೂರಿಗೆ ಕರಾರಿನ ದಿನವೇ ಮೋಸದ ಉದ್ದೇಶವಿತ್ತು ಎಂದು ತೋರಬೇಕು. ಬೆಲೆ ಏರಿದ ಮೇಲೆ ಮನಸ್ಸು ಬದಲಾಯಿಸಿದವರ ವಿಷಯದಲ್ಲಿ ಅದು ಕಷ್ಟ. ‘ಇದು ಸಿವಿಲ್ ವ್ಯಾಜ್ಯ’ ಎಂದು ಹಿಂಬರಹ ಕೊಟ್ಟು ಕಳುಹಿಸುತ್ತಾರೆ.

ಬಾಡಿಗೆದಾರರೇ, ನಿಮಗೆ ಬೇಕಾದದ್ದು ನಿವೇಶನವೋ ಹಣವೋ? ನೋಟಿಸ್ ಕಳುಹಿಸುವ ಮುನ್ನ ಇದು ತೀರ್ಮಾನವಾಗಬೇಕು. ‘ಕರಾರು ರದ್ದಾಯಿತು, ಹಣ ಕೊಡಿ’ ಎಂದು ಬರೆದರೆ ನಿವೇಶನ ಕೇಳುವ ಬಾಗಿಲನ್ನು ನೀವೇ ಮುಚ್ಚಿದಂತೆ. ನಿವೇಶನವೇ ಬೇಕೆಂದು ದಾವೆ ಹೂಡುವುದಾದರೆ, ಅದಾಗದಿದ್ದರೆ ಮುಂಗಡ ಕೊಡಿಸಿ ಎಂದೂ ಅದೇ ದಾವೆಯಲ್ಲಿ ಕೇಳಿರಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಕೇಳದೆ ನ್ಯಾಯಾಲಯ ತಾನಾಗಿ ಕೊಡುವುದಿಲ್ಲ. ದಾವೆಗೆ ತಿದ್ದುಪಡಿ ತರಬಹುದು, ಆದರೆ ಅದನ್ನೂ ಮರೆತು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬರಿಗೈಯಲ್ಲಿ ಬಂದವರಿದ್ದಾರೆ.

ಇನ್ನೊಂದು: ನಿವೇಶನ ಯಾರ ಸ್ವಯಾರ್ಜಿತ? ಅಕ್ಕತಂಗಿಯರು ಕರಾರಿಗೆ ಸಹಿ ಹಾಕಿದ್ದಾರೆಯೇ?

ಕ್ಯಾತ್ಸಂದ್ರದ ಬಾಡಿಗೆದಾರ
ಅವರ ತಂದೆ ಕೊಂಡದ್ದು. ತಂದೆ ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಖಾತೆ ಇವರೊಬ್ಬರ ಹೆಸರಿನಲ್ಲಿದೆ. ಸಹಿಯೂ ಇವರೊಬ್ಬರದೇ.

ಬಾರ್ ರೂಮಿನಿಂದ
ಹಾಗಾದರೆ ಸಬೂಬೋ ನಿಜವೋ, ಅಕ್ಕತಂಗಿಯರಿಗೆ ಪಾಲಿದೆ. ಖಾತೆ ಒಬ್ಬರಿಗಾದ ಮಾತ್ರಕ್ಕೆ ಮಾಲೀಕತ್ವ ಒಬ್ಬರದಾಗುವುದಿಲ್ಲ, ಸಹಿ ಹಾಕದವರನ್ನು ಕರಾರು ಕಟ್ಟಿಹಾಕುವುದೂ ಇಲ್ಲ. ಗೆದ್ದರೂ ಇವರ ಪಾಲಷ್ಟೇ ಸಿಕ್ಕಿ, ಆಮೇಲೆ ವಿಭಾಗದ ದಾವೆ. ಕೋರ್ಟ್ ಶುಲ್ಕವೂ ಪೂರ್ತಿ 24 ಲಕ್ಷದ ಮೇಲೆ ಕಟ್ಟಬೇಕು. ಹಣವನ್ನಷ್ಟೇ ಕೇಳಿದರೆ ಕೇಳಿದ ಮೊತ್ತದ ಮೇಲೆ. ನಾನಾಗಿದ್ದರೆ ಹಣದ ಹಾದಿ ಹಿಡಿಯುತ್ತಿದ್ದೆ.

ಮಾಲೂರು ರಸ್ತೆ
ನನ್ನದೂ ಇದೇ ಕಥೆ ಸರ್. ಕೋಲಾರದಲ್ಲಿ ಮನೆಗೆ 2 ಲಕ್ಷ ಕೊಟ್ಟಿದ್ದೆ. ನನ್ನ ಸಾಲ ಮಂಜೂರಾಗಲಿಲ್ಲ, ಅವರು ಹಣ ಕೊಡುತ್ತಿಲ್ಲ. ನಾನೂ ನೋಟಿಸ್ ಕಳುಹಿಸಲೇ?

ಹಳೇ ದಸ್ತಾವೇಜು
ನಿಮ್ಮದು ಇದೇ ಕಥೆಯಲ್ಲ ಸ್ವಾಮಿ, ಇದರ ತಿರುವುಮುರುವು. ನೀವು ತಪ್ಪಿದ್ದೀರಿ, ಅವರಲ್ಲ. ‘ಸಾಲ ಸಿಗದಿದ್ದರೆ ಮುಂಗಡ ವಾಪಸ್’ ಎಂದು ಬರೆದಿದೆಯೇ, ಮೊದಲು ಅದನ್ನು ನೋಡಿ.

ಶಿರಾಗೇಟ್
ನಗದಿನ ವಿಷಯ ಬಾಯಿ ಬಿಡಬೇಡಿ, ಆದಾಯ ತೆರಿಗೆಯವರು ನಿಮ್ಮನ್ನೇ ಹಿಡಿಯುತ್ತಾರೆ. ಎರಡು ಲಕ್ಷಕ್ಕೆ ಮಾತ್ರ ಕೇಳಿ.

ಬಾರ್ ರೂಮಿನಿಂದ
ದಯವಿಟ್ಟು ಹಾಗೆ ಮಾಡಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕೂ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ ಎಂಬ ನಿಯಮ 2015ರಿಂದ ಇದೆ. ಅದರ ದಂಡ ಪಡೆದವರಿಗೆ, ಕೊಟ್ಟವರಿಗಲ್ಲ. 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಕೊಟ್ಟಿರುವುದಾಗಿ ದಾವೆಯಲ್ಲಿ ಹೇಳಿದರೆ ಅದನ್ನು ನ್ಯಾಯಾಲಯ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಅದು ಬೆಂಗಳೂರಿನದೇ ಪ್ರಕರಣ. ನಿಮ್ಮದು ಒಂದು ಲಕ್ಷ. ಅದು ನಿಮ್ಮ ಖಾತೆಯಿಂದ ತೆಗೆದದ್ದೆಂದು ಪಾಸ್‌ಬುಕ್ ತೋರಿಸಿದರೆ ಸಾಕು. ಕರಾರಿನಲ್ಲಿ 3 ಲಕ್ಷ ಮುಟ್ಟಿದೆ ಎಂದು ಅವರ ಸಹಿ ಇದೆಯಲ್ಲ, ಅದು ದೊಡ್ಡದು.

ನೋಂದಣಿಯಾಗಿಲ್ಲ ಎಂಬುದಕ್ಕೆ ಹೆದರಬೇಕಿಲ್ಲ. ಛಾಪಾಕಾಗದದ ಮೊತ್ತ ಕಡಿಮೆಯಿದ್ದರೆ ಮಾತ್ರ ಕೊರತೆಯ ಶುಲ್ಕಕ್ಕೆ ಹತ್ತು ಪಟ್ಟು ದಂಡ ಸೇರಿಸಿ ಕಟ್ಟಿದ ಮೇಲೆಯೇ ಕರಾರು ಸಾಕ್ಷ್ಯಕ್ಕೆ ಬರುತ್ತದೆ. ಅದನ್ನು ಈಗಲೇ ವಕೀಲರಿಗೆ ತೋರಿಸಿ. ಸಾಲ ಮಂಜೂರಾತಿ ಪತ್ರವನ್ನೂ ಜೋಪಾನ ಮಾಡಿ, ನೀವು ಸಿದ್ಧರಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ಗುಬ್ಬಿ ತೋಟ
ಅಷ್ಟರೊಳಗೆ ಮೂರನೆಯವರಿಗೆ ಮಾರಿಬಿಟ್ಟರೆ? ನಮ್ಮ ಚಿಕ್ಕಪ್ಪನಿಗೆ ಹಾಗೆಯೇ ಆಯಿತು.

ಬಾರ್ ರೂಮಿನಿಂದ
ಬಹಳ ಜನ ಬಿಟ್ಟುಬಿಡುವ ಅಂಶ ಇಲ್ಲಿದೆ. ಕೊಳ್ಳುವವರ ತಪ್ಪಿಲ್ಲದಿದ್ದರೆ, ಅವರು ಕೊಟ್ಟ ಹಣಕ್ಕೆ ಮಾರುವವರ ಪಾಲಿನ ಮಟ್ಟಿಗೆ ಆ ಆಸ್ತಿಯ ಮೇಲೆಯೇ ಹೊರೆ ಇರುತ್ತದೆ. ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಹಣಕ್ಕಾಗಿ ಮಾತ್ರ ಕೇಳಿದರೆ ಮೂರು ವರ್ಷದ ಕಾಲಮಿತಿ. ಆಸ್ತಿಯ ಮೇಲಿನ ಹೊರೆಯನ್ನು ಜಾರಿ ಮಾಡಿಸಲು ಹನ್ನೆರಡು ವರ್ಷ. ಆದರೆ ಕರಾರಿನ ಸುದ್ದಿಯೇ ತಿಳಿಯದೆ ಹಣ ಕೊಟ್ಟು ಕೊಂಡವರ ಮೇಲೆ ಆ ಹೊರೆ ನಿಲ್ಲುವುದಿಲ್ಲ. ನಿಮ್ಮದು ನೋಂದಣಿಯಾಗದ ಕರಾರು, ಋಣಭಾರ ಪತ್ರದಲ್ಲಿ ಕಾಣಿಸದು. ಅದಕ್ಕೇ ತುಮಕೂರಿನ ಪತ್ರಿಕೆಯೊಂದರಲ್ಲಿ ಸರ್ವೆ ನಂಬರು, ಚೆಕ್ಕುಬಂದಿ ಸಹಿತ ಪ್ರಕಟಣೆ ಕೊಡಿಸಿ. ಆ ಹೊಸಬರು ಯಾರೆಂದು ಗೊತ್ತಿದ್ದರೆ ಅವರಿಗೂ ನೋಟಿಸಿನ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ.

ಗುಬ್ಬಿ ತೋಟ
ಊರೊಳಗೆ ಪೇಪರಿನಲ್ಲಿ ಹಾಕಿಸಿದರೆ ಸಂಬಂಧವೇ ಕೆಟ್ಟುಹೋಗುತ್ತದೆ. ನಾಲ್ಕು ಜನರನ್ನು ಕೂರಿಸಿ ಮಾತಾಡಿದರೆ ಆಗದೇ?

ಹಳೇ ದಸ್ತಾವೇಜು
ಕೂರಿಸಿ, ಬೇಡವೆನ್ನುವುದಿಲ್ಲ. ಆದರೆ ಕರಾರಿನ ಮೂಲ ಪ್ರತಿ ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ನನ್ನ ಮೇಜಿನ ಮುಂದೆಯೇ ನಡೆದದ್ದು: ಮಾರುವವರು ಚೆಕ್ ಕೊಟ್ಟರು, ಕೊಳ್ಳುವವರು ರದ್ದತಿ ಪತ್ರಕ್ಕೆ ‘ಪೂರ್ತಿ ಹಣ ಸಂದಾಯವಾಗಿದೆ’ ಎಂದು ಸಹಿ ಹಾಕಿ ಮೂಲ ಕರಾರನ್ನೂ ಕೊಟ್ಟರು. ಅಲ್ಲೇ ಹರಿದು ಬುಟ್ಟಿಗೆ ಹಾಕಿದರು. ವಾರದ ನಂತರ ಚೆಕ್ ವಾಪಸ್. ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕಿತ್ತು, ‘ನಾಳೆ ಕೊಡುತ್ತೇನೆ’ ಎಂಬ ಮಾತು ನಂಬಿ ಅದನ್ನೂ ಕಳೆದುಕೊಂಡರು. ಕೊನೆಗೆ ಅವರ ಕೈಯಲ್ಲಿ ಉಳಿದದ್ದು ಒಂದು ಜೆರಾಕ್ಸ್.

ಶಿರಾಗೇಟ್
ಹಾಗಾದರೆ ಎರಡರಷ್ಟು ಕೇಳುವುದೇ ಬೇಡವೇ? ಬರೆದುಕೊಟ್ಟ ಮಾತಿಗೆ ಬೆಲೆಯೇ ಇಲ್ಲವೇ?

ಬಾರ್ ರೂಮಿನಿಂದ
ನೋಟಿಸಿನಲ್ಲಿ ಖಂಡಿತ ಕೇಳಿ. 3 ಲಕ್ಷ, ಅದಕ್ಕೆ ಬಡ್ಡಿ, ಕರಾರಿನಂತೆ ಇನ್ನೂ 3 ಲಕ್ಷ, 15 ದಿನದ ಗಡುವು. ಆ ಎರಡನೆಯ 3 ಲಕ್ಷದಲ್ಲಿ ಎಷ್ಟು ದಕ್ಕುತ್ತದೆ ಎಂದು ಇಬ್ಬರು ವಕೀಲರನ್ನು ಕೇಳಿದರೆ ಎರಡು ಉತ್ತರ ಬರುತ್ತದೆ. ಸಾಲದ ಪರಿಶೀಲನಾ ಶುಲ್ಕ, ವಕೀಲರ ಅಭಿಪ್ರಾಯಕ್ಕೆ ಕೊಟ್ಟ ಹಣ, ಇವುಗಳ ರಸೀದಿ ಇದ್ದರೆ ಕೇಳಿದ್ದಕ್ಕೆ ಬಲ ಬರುತ್ತದೆ.

ಕ್ಯಾತ್ಸಂದ್ರದ ಬಾಡಿಗೆದಾರ
ಈಗಷ್ಟೇ ಅವರ ಫೋನ್ ಬಂದಿತ್ತು. ನಾಳೆ ಹನ್ನೊಂದಕ್ಕೆ ಅಂಗಡಿಗೆ ಬಂದರೆ ಒಂದೂವರೆ ಲಕ್ಷಕ್ಕೆ ಚೆಕ್ ಕೊಡುತ್ತಾರಂತೆ, ಉಳಿದದ್ದು ದೀಪಾವಳಿಗೆ. ‘ಬರುವಾಗ ಅಗ್ರಿಮೆಂಟ್ ತನ್ನಿ’ ಎಂದರು. ಮೂಲ ಪ್ರತಿ ಊರಿನಲ್ಲಿ ಅಮ್ಮನ ಟ್ರಂಕಿನಲ್ಲಿದೆ ಎಂದು ಹೇಳಿದ್ದೇನೆ. ನಿಜವಾಗಿಯೂ ಈ ಸಂಜೆಯ ಬಸ್ಸಿಗೆ ಅಲ್ಲಿಗೇ ಕಳುಹಿಸುತ್ತಿದ್ದೇನೆ.