ಮೈಲೋಫೈಬ್ರೋಸಿಸ್: ಸ್ಪ್ಲೀನ್ ತೆಗೆಸಬೇಕಾ, ಮಾತ್ರೆ ಸಾಕಾ?

ಕೇಳಿದವರು: ಅಪ್ಪನಿಗೆ 66, ಮೈಲೋಫೈಬ್ರೋಸಿಸ್, ಅಂದರೆ ಮೂಳೆ ಮಜ್ಜೆ ನಾರುಗಟ್ಟುವ ರಕ್ತದ ಕಾಯಿಲೆ. ಸ್ಪ್ಲೀನ್ ಹೊಕ್ಕುಳ ತನಕ ಬಂದಿದೆ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತೆ. ಹಿಮೋಗ್ಲೋಬಿನ್ 8.4. ಸರ್ಜನ್ ತೆಗೆಸಿ ಅಂತಾರೆ, ರಕ್ತದ ಡಾಕ್ಟರ್ ರಕ್ಸೋಲಿಟಿನಿಬ್ ಮಾತ್ರೆ ಅಂತಾರೆ. ಅನುಭವ ಇದ್ದವರು ಹೇಳಿ.

ಶಿವಮೊಗ್ಗದ ಅಕ್ಕ: ನಮ್ಮ ಯಜಮಾನರಿಗೆ ತೆಗೆಸಿದೆವು. ಆಪರೇಷನ್‌ಗೆ ಮೊದಲು ನ್ಯುಮೋಕಾಕಸ್, ಮೆನಿಂಜೈಟಿಸ್ ಲಸಿಕೆಗಳು, ಅದರ ಬಿಲ್ಲೇ ಬೇರೆ. ಆಮೇಲೆ ಊಟ ಸೇರಿತು ನಿಜ. ಆದರೆ ಪ್ಲೇಟ್‌ಲೆಟ್ ಒಂಬತ್ತು ಲಕ್ಷಕ್ಕೆ ಏರಿ, ಲಿವರ್‌ಗೆ ಹೋಗುವ ರಕ್ತನಾಳದಲ್ಲೇ ರಕ್ತ ಹೆಪ್ಪುಗಟ್ಟಿತು. ಮತ್ತೆ ಐಸಿಯು, ಮತ್ತೆ ಅಡ್ವಾನ್ಸ್. ಒಡವೆ ಅಡ ಇಟ್ಟಿದ್ದು ಇನ್ನೂ ಬಿಡಿಸಿಲ್ಲ. ಈಗ ಲಿವರ್ ದೊಡ್ಡದಾಗಿದೆ.

ಗೌಡ್ರು, ಮಂಡ್ಯ: ಸುಮ್ನೆ ಹೆದರಿಸಬೇಡಿ. ಸ್ಪ್ಲೀನ್ ರಕ್ತ ತಿನ್ನುತ್ತೆ, ತೆಗೆದರೆ ರಕ್ತ ಏರುತ್ತೆ. ನಮ್ಮ ಭಾವನ ಮಗನಿಗೆ ಥಲಸ್ಸೀಮಿಯಾ, ತೆಗೆಸಿದ ಮೇಲೆ ರಕ್ತದ ಬಾಟಲ್ ಹಾಕಿಸೋದು ಕಡಿಮೆಯಾಯಿತು.

ಲ್ಯಾಬಿನವನು: ಗೌಡ್ರೇ, ತಿನ್ನೋದು ನಿಜ, ಆದರೆ ಅದು ಅರ್ಧ ಕಥೆ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಮಾಡುವ ಮೆಗಾಕ್ಯಾರಿಯೋಸೈಟ್ ಕೋಶಗಳು ಕೆಟ್ಟು, ಅವು ಬಿಡುವ ರಾಸಾಯನಿಕಗಳಿಂದ ಮಜ್ಜೆಯೊಳಗೆ ನಾರು ಬೆಳೆಯುತ್ತೆ. ಸೂಜಿ ಹಾಕಿ ಎಳೆದರೂ ಎಷ್ಟೋ ಸಲ ಏನೂ ಬರಲ್ಲ, ಮೂಳೆಯ ತುಣುಕನ್ನೇ ತೆಗೆಯಬೇಕು. ಜಾಗ ಇಲ್ಲದ, ರಕ್ತ ಹುಟ್ಟಿಸುವ ಮೂಲಕೋಶಗಳು ಸ್ಪ್ಲೀನ್, ಲಿವರ್ ಸೇರಿ ಅಲ್ಲೇ ರಕ್ತ ಮಾಡುತ್ತವೆ. ಅದಕ್ಕೇ ಅದು ಊದುತ್ತೆ. ಅಕ್ಕನ ಮನೆಯವರಿಗೆ ಲಿವರ್ ಬೆಳೆದದ್ದಕ್ಕೂ ಇದೇ ಕಾರಣ ಇರಬಹುದು.

ಸ್ಲೈಡ್ ನೋಡಿದರೆ ಗೊತ್ತಾಗುತ್ತೆ: ಕೆಂಪು ಕಣಗಳು ಕಣ್ಣೀರ ಹನಿ ಥರ ಬಾಲ ಎಳೆದಿರುತ್ತವೆ, ಪಕ್ಕದಲ್ಲೇ ನ್ಯೂಕ್ಲಿಯಸ್ ಬಿಡದ ಎಳೆ ಕೆಂಪು ಕಣ. ಕೆಲವು ಮೆಷಿನ್ ಇವನ್ನೂ ಬಿಳಿ ಕಣ ಅಂತ ಎಣಿಸುತ್ತವೆ. ಕೌಂಟ್ ಜಾಸ್ತಿ ಬಂದರೆ ಸ್ಲೈಡ್ ಓದಿಸಿ.

ದಾವಣಗೆರೆ ಮಗಳು: ಅಮ್ಮನಿಗೆ ರಕ್ಸೋಲಿಟಿನಿಬ್. ಮೊದಲ ತಿಂಗಳುಗಳಲ್ಲಿ ಹಿಮೋಗ್ಲೋಬಿನ್ 9ರಿಂದ 7ಕ್ಕೆ ಬಿತ್ತು. ಬಾಟಲ್, ಕ್ರಾಸ್‌ಮ್ಯಾಚ್, ಆಟೋ, ರಜೆ, ಎಲ್ಲ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆದರೆ ಸ್ಪ್ಲೀನ್ ಇಳಿಯಿತು, ರಾತ್ರಿ ಬೆವರು ನಿಂತಿತು, ಅಮ್ಮ ಪೂರ್ತಿ ರಾಗಿಮುದ್ದೆ ತಿಂದರು. ಅಣ್ಣ ದುಡ್ಡು ಉಳಿಸಲು ಮಾತ್ರೆ ದಿಢೀರ್ ನಿಲ್ಲಿಸಿದ. ಜ್ವರ, ನೋವು, ಸ್ಪ್ಲೀನ್ ವಾಪಸ್. ಅವನ ಜೊತೆ ಮಾತೇ ಬಿಟ್ಟಿದ್ದೇನೆ.

ಗೌಡ್ರು, ಮಂಡ್ಯ: ರಕ್ತ ಇಳಿಸೋ ಮಾತ್ರೆಗೆ ಲಕ್ಷ ಸುರಿಯೋದಾ? ಬೀಟ್‌ರೂಟ್, ಐರನ್ ಸಿರಪ್ ಕೊಡಿ.

ಲ್ಯಾಬಿನವನು: ಕಬ್ಬಿಣದ ಕೊರತೆ ಇದೆ ಅಂತ ಯಾರು ಹೇಳಿದರು? ಬಾಟಲ್ ಮೇಲೆ ಬಾಟಲ್ ಹಾಕಿಸಿಕೊಂಡವರಿಗೆ ಕಬ್ಬಿಣ ಆಗಲೇ ಜಾಸ್ತಿ ಇರುತ್ತೆ. ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಟೆಸ್ಟ್ ನೋಡದೆ ಕೊಡಬೇಡಿ. ಕೇಳಿದವರೇ, ಪ್ಲೇಟ್‌ಲೆಟ್ ಎಷ್ಟು? ಡೋಸ್ ಅದರ ಮೇಲೆ ನಿಲ್ಲುತ್ತೆ. ಹಿಂದೆ ಟಿಬಿ ಆಗಿತ್ತಾ ಅಂತಲೂ ಡಾಕ್ಟರಿಗೆ ಹೇಳಿ, ಈ ಮಾತ್ರೆಯಲ್ಲಿ ಅದು ಮತ್ತೆ ಏಳಬಹುದು.

ಶಿವಮೊಗ್ಗದ ಅಕ್ಕ: ನಮಗೆ ಆಗ ಈ ಮಾತ್ರೆ ಕೊಳ್ಳೋ ಶಕ್ತಿ ಇರಲಿಲ್ಲ. ಮಗಳೇ, ನಿಮಗಿತ್ತು. ಅಣ್ಣನನ್ನು ಬಯ್ಯೋದು ಸುಲಭ.

ದಾವಣಗೆರೆ ಮಗಳು: ಸುಲಭನಾ? ಡೈರಿ ಫೋಟೋ ಹಾಕಲಾ?